ಬಿಆರ್‌ಎಸ್‌ಆರ್‌ನಿಂದ ನಾಲ್ಕು ವರ್ಷದ ಟ್ರೆಂಡ್ ಟೇಬಲ್: ಒಂದೇ ವರ್ಷಕ್ಕೆ ಎರಡು ಅಂಕಿ ಸಿಕ್ಕರೆ ಯಾವುದನ್ನು ಹಾಕೋದು?

ಪಿಜೆ_ಬಡಾವಣೆ_ಪಲ್ಲು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡ್ತಿದ್ದೇನೆ. ನಮ್ಮ ಸರ್ ಒಂದು ಲಿಸ್ಟೆಡ್ ಕಂಪನಿಯ ಮೂರು ವರ್ಷದ ಬಿಆರ್‌ಎಸ್‌ಆರ್ ಪಿಡಿಎಫ್ ಕೊಟ್ಟು, "ಎನರ್ಜಿ, ನೀರು, ಸ್ಕೋಪ್ 1, ಸ್ಕೋಪ್ 2, ಇಷ್ಟನ್ನ ವರ್ಷದ ಪ್ರಕಾರ ಒಂದು ಹಾಳೆಗೆ ತಂದುಬಿಡಮ್ಮ" ಅಂದರು. ಬಿಆರ್‌ಎಸ್‌ಆರ್ ಅಂದ್ರೆ ಪರಿಸರ, ಸಮಾಜದ ವಿಷಯದಲ್ಲಿ ಕಂಪನಿ ವರ್ಷಾವರ್ಷ ಕೊಡೋ ವರದಿ. ಸ್ಕೋಪ್ 1 ಕಂಪನಿಯ ಒಳಗಿಂದಲೇ ಬರೋ ಹಸಿರುಮನೆ ಅನಿಲದ ಲೆಕ್ಕ, ಸ್ಕೋಪ್ 2 ಹೊರಗಿಂದ ಕೊಂಡ ಕರೆಂಟಿನ ಲೆಕ್ಕದ್ದು. ಸುಲಭ ಅಂತ ಕೂತೆ. ಪ್ರತಿ ವರದಿಯಲ್ಲೂ ಆ ವರ್ಷದ ಕಾಲಮ್, ಹಿಂದಿನ ವರ್ಷದ ಕಾಲಮ್ ಎರಡೂ ಇರುತ್ತೆ. ಹಾಗಾಗಿ ಮೂರು ವರದಿಯಿಂದ 2021-22ರಿಂದ 2024-25ರ ತನಕ ನಾಲ್ಕು ವರ್ಷ ಸಿಗುತ್ತೆ. ತೊಂದರೆ ಏನಂದ್ರೆ, ನಡುವಿನ ಎರಡು ವರ್ಷ ಎರಡೆರಡು ಸಲ ಬರುತ್ತೆ, ಮತ್ತು ಅಂಕಿ ಒಂದೇ ಇಲ್ಲ.

ಕಂಪನಿ ಹೆಸರು ಹಾಕಲ್ಲ, ಅಂಕಿಗಳನ್ನೂ ಸ್ವಲ್ಪ ಬದಲಿಸಿ ರೌಂಡ್ ಮಾಡಿದ್ದೇನೆ. ಒಟ್ಟು ಎನರ್ಜಿ ನೋಡಿ. 2022-23ರ ವರದಿಯಲ್ಲಿ ಆ ವರ್ಷಕ್ಕೆ 9,06,000 ಗಿಗಾಜೂಲ್. ಮುಂದಿನ ವರ್ಷದ ವರದಿಯಲ್ಲಿ ಅದೇ 2022-23ಕ್ಕೆ ಬರೀ 906, ಪಕ್ಕದಲ್ಲಿ 2023-24ಕ್ಕೆ 941. 2024-25ರ ವರದಿಗೆ ಬಂದರೆ 2024-25ಕ್ಕೆ 11,38,000, ಹಿಂದಿನ ವರ್ಷಕ್ಕೆ 11,02,000, ಅದರ ತಲೆ ಮೇಲೆ ಒಂದು ಚಿಕ್ಕ ನಕ್ಷತ್ರ. 941 ಎಲ್ಲಿ, 11,02,000 ಎಲ್ಲಿ? ಟೇಬಲ್‌ನಲ್ಲಿ ಯಾವುದನ್ನು ಹಾಕಲಿ?

ಚಳ್ಳಕೆರೆ_ಸೀನ

ತುಂಬಾ ಸುಲಭ ಪಲ್ಲು. ಯಾವಾಗಲೂ ಹೊಸ ವರದಿಯ ಅಂಕಿ ತಗೋ. ಕಂಪನಿಯೇ ತಿದ್ದಿ ಕೊಟ್ಟಿದೆ ಅಂದಮೇಲೆ ಅದೇ ಸರಿ ಅಲ್ವಾ. ಇನ್ನೊಂದು ಮಾತು, ಪಿಡಿಎಫ್ ಬಿಟ್ಟುಬಿಡು. ಸ್ಟಾಕ್ ಎಕ್ಸ್‌ಚೇಂಜ್ ಸೈಟಿನಲ್ಲಿ ಅದೇ ವರದಿ ಕಂಪ್ಯೂಟರ್ ಓದೋ ರೂಪದಲ್ಲಿ, ಎಕ್ಸ್‌ಬಿಆರ್‌ಎಲ್ ಫೈಲ್ ಆಗಿ ಸಿಗುತ್ತೆ, ಅದನ್ನ ಇಳಿಸ್ಕೊಂಡರೆ ಪ್ರತಿ ಅಂಕಿಗೂ ಅವಧಿಯ ಶುರು ದಿನ, ಕೊನೆ ದಿನ, ಎಲ್ಲ ಅಂಟಿಕೊಂಡೇ ಬರುತ್ತೆ. ಕಾಪಿ ಪೇಸ್ಟ್ ಮಾಡೋ ಗೋಳೇ ಇಲ್ಲ. ಹತ್ತು ನಿಮಿಷದ ಕೆಲಸ.

ಮಂಡಕ್ಕಿ_ಮಿರ್ಚಿ

ಒಂದು ನಿಮಿಷ. ಈ ವರದಿ ನಮ್ಮಂತೋರೂ ಕೊಡಬೇಕಾ? ನಮ್ಮದು ಚಿಕ್ಕ ರೈಸ್ ಮಿಲ್. ಮೊನ್ನೆ ನಮ್ಮ ಅಕ್ಕಿ ತಗೊಳ್ಳೋ ದೊಡ್ಡ ಕಂಪನಿಯವರು ಒಂದು ಎಕ್ಸೆಲ್ ಕಳಿಸಿ ಕರೆಂಟು ಎಷ್ಟು, ನೀರೆಷ್ಟು, ಹೊಟ್ಟು ಎಷ್ಟು ಸುಡ್ತೀರಿ ಅಂತ ಕೇಳಿದ್ದಾರೆ. ದಂಡ ಗಿಂಡ ಹಾಕ್ತಾರಾ?

ಹರಿಹರದ_ಹಳೇ_ಬಾಯ್ಲರ್

ಮಿರ್ಚಿ ಅಣ್ಣ, ಗಾಬರಿ ಬೇಡ. ಸೆಬಿ ಈ ವರದಿಯನ್ನ 2022-23ರಿಂದ ಕಡ್ಡಾಯ ಮಾಡಿರೋದು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ. ನಿಮ್ಮ ಮಿಲ್ಲಿಗಲ್ಲ. ನಿಮ್ಮನ್ನ ಕೇಳ್ತಿರೋದು ನಿಮ್ಮ ಗಿರಾಕಿ, ಅವರ ಸರಬರಾಜುದಾರರ ಲೆಕ್ಕಕ್ಕೆ. ಬೆಸ್ಕಾಂ ಬಿಲ್ಲಿನಲ್ಲಿರೋ ಯೂನಿಟ್ಟು, ಹೊಟ್ಟಿನ ತೂಕ, ಇಷ್ಟು ತಿಂಗಳವಾರು ಬರೆದುಕೊಡಿ, ಸಾಕು. ಅವರೇ ಲೆಕ್ಕ ಹಾಕಿಕೊಳ್ತಾರೆ. ನಿಮ್ಮ ಹೊಟ್ಟಿನ ವಿಷಯ ಈ ಚರ್ಚೆಗೇ ಬೇಕಾಗಬಹುದು, ಇಲ್ಲೇ ಇರಿ.

ಈಗ ಪಲ್ಲು. ಸೀನನ ಮಾತು ಅರ್ಧ ಸರಿ. ಹೊಸ ಅಂಕಿಯನ್ನ ಕಣ್ಣು ಮುಚ್ಚಿ ತಗೊಂಡರೆ, ಯೂನಿಟ್ ಸರಿಮಾಡಿಕೊಂಡ ಮೇಲೂ ನಿನ್ನ ಟೇಬಲ್ ಹೀಗಾಗುತ್ತೆ: 2022-23ಕ್ಕೆ 9,06,000, 2023-24ಕ್ಕೆ 11,02,000. ನೋಡಿದವರು "ಅಬ್ಬಾ, ಒಂದೇ ವರ್ಷದಲ್ಲಿ ಎನರ್ಜಿ ಶೇ 22 ಜಾಸ್ತಿ ಆಯ್ತು" ಅಂತಾರೆ. ಹಳೆಯದನ್ನೇ ಇಟ್ಟುಕೊಂಡರೆ ನೆಗೆತ ಒಂದು ವರ್ಷ ಮುಂದಕ್ಕೆ ಹೋಗುತ್ತೆ, 9,41,000ದಿಂದ 11,38,000ಕ್ಕೆ, ಅಲ್ಲೂ ಶೇ 21. ಎರಡೂ ಸುಳ್ಳು. ಫ್ಯಾಕ್ಟರಿಯಲ್ಲಿ ಅಂಥದ್ದೇನೂ ಆಗಿರಲಿಕ್ಕಿಲ್ಲ.

ಎರಡು ಸಲ ಬರೋ ವರ್ಷ ನಿನಗೆ ತಲೆನೋವು ಅನ್ನಿಸ್ತಿದೆ. ಆದರೆ ಈ ಕೆಲಸದಲ್ಲಿ ನಿನ್ನ ಕೈಗೆ ಪುಕ್ಕಟೆ ಸಿಕ್ಕಿರೋ ಒಂದೇ ಚೆಕ್ ಅದು. ಎರಡರಲ್ಲಿ ಒಂದನ್ನ ಅಳಿಸಬೇಡ. ಎರಡನ್ನೂ ಬರೆದುಕೋ, ಯಾಕೆ ಬೇರೆ ಅಂತ ಹುಡುಕು. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಯೂನಿಟ್ ಬದಲಾಗಿದೆ, ಲೆಕ್ಕದೊಳಗೆ ಬರೋ ಘಟಕಗಳು ಬದಲಾಗಿವೆ, ಇಲ್ಲಾ ಲೆಕ್ಕ ಹಾಕೋ ವಿಧಾನ ಬದಲಾಗಿದೆ.

ಮೊದಲನೇ ಜೋಡಿ ನೋಡು, 9,06,000 ಮತ್ತು 906. ಸರಿಯಾಗಿ ಸಾವಿರ ಪಟ್ಟು, ಒಂದು ಅಂಕಿಯೂ ಆಚೀಚೆ ಇಲ್ಲ. ಗಿಗಾಜೂಲ್ ಬಿಟ್ಟು ಟೆರಾಜೂಲ್‌ಗೆ ಹೋಗಿದ್ದಾರೆ ಅಷ್ಟೇ. ಟೇಬಲ್ ತಲೆಯಲ್ಲಿ ಟೆರಾಜೂಲ್ ಅಂತ ಇದೆಯಾ ನೋಡು. ಹಾಗಾಗಿ 941 ಅಂದ್ರೆ 9,41,000 ಗಿಗಾಜೂಲ್. ಎರಡನೇ ಜೋಡಿ 9,41,000 ಮತ್ತು 11,02,000. ಇದು ಮೆಗಾವ್ಯಾಟ್ ಅವರ್‌ನಿಂದ ಗಿಗಾಜೂಲ್‌ಗೆ ಹೋದಾಗ ಬರೋ 3.6 ಪಟ್ಟೂ ಅಲ್ಲ, ಸಾವಿರ ಪಟ್ಟೂ ಅಲ್ಲ, ಶೇ 17 ಜಾಸ್ತಿ. ಯೂನಿಟ್ ಬದಲಾವಣೆಯಿಂದ ಇಂಥ ಅಂಕಿ ಹುಟ್ಟೋದಿಲ್ಲ. ಆ ನಕ್ಷತ್ರದ ಕೆಳಗೆ ಏನು ಬರೆದಿದ್ದಾರೆ, ಹಾಗೇ ಇಲ್ಲಿ ಹಾಕು. ಮತ್ತೆ ವರದಿಯ ಮೊದಲ ಭಾಗದಲ್ಲಿ, ಕಂಪನಿ ವಿವರ ಕೊಡೋ ಕಡೆ, ಸ್ಟ್ಯಾಂಡ್‌ಅಲೋನೋ ಕನ್ಸಾಲಿಡೇಟೆಡ್ಡೋ, ಅಂದ್ರೆ ಲೆಕ್ಕ ಆ ಕಂಪನಿಯದ್ದು ಮಾತ್ರವೋ ಸಬ್ಸಿಡಿಯರಿಗಳೂ ಸೇರಿಯೋ, ಅಂತ ಒಂದು ಸಾಲು ಇರುತ್ತೆ. ಮೂರೂ ವರದಿಯಲ್ಲಿ ಆ ಸಾಲು ನೋಡಿ ಹೇಳು.

ಪಿಜೆ_ಬಡಾವಣೆ_ಪಲ್ಲು

ಸರ್, ನೋಡಿದೆ. ಮೊದಲ ಎರಡು ವರದಿ ಸ್ಟ್ಯಾಂಡ್‌ಅಲೋನ್. ಮೂರನೆಯದು ಕನ್ಸಾಲಿಡೇಟೆಡ್. ನಕ್ಷತ್ರದ ಕೆಳಗಿರೋದು ಒಂದೇ ಸಾಲು: ವರದಿಯ ವ್ಯಾಪ್ತಿ ಬದಲಾದ ಕಾರಣ ಹಿಂದಿನ ವರ್ಷದ ಅಂಕಿಗಳನ್ನು ಮರುಲೆಕ್ಕ ಹಾಕಲಾಗಿದೆ ಅಂತ. ಯಾವ ಘಟಕ ಸೇರಿತು ಅಂತ ಆ ಪುಟದಲ್ಲಿ ಇಲ್ಲ. ಯೂನಿಟ್ ವಿಷಯ ನೀವು ಹೇಳಿದ್ದೇ ಸರಿ. ಆದರೆ ಅದು ಟೇಬಲ್ ತಲೆಯಲ್ಲಿಲ್ಲ, ಮೇಲಿನ ಪ್ರಶ್ನೆಯ ಸಾಲಿನೊಳಗೆ ಸೇರಿಕೊಂಡಿದೆ. ನಾನು ಟೇಬಲ್ ಮಾತ್ರ ಕಾಪಿ ಮಾಡಿದ್ರಿಂದ ಅದು ಬಂದೇ ಇರಲಿಲ್ಲ.

ಚಳ್ಳಕೆರೆ_ಸೀನ

ಅದಕ್ಕೇ ಹೇಳಿದ್ದು ಎಕ್ಸ್‌ಬಿಆರ್‌ಎಲ್ ತಗೋ ಅಂತ.

ಹೊಳಲ್ಕೆರೆ_ಲೆಕ್ಕದಮ್ಮ

ಸೀನ, ಎಕ್ಸ್‌ಬಿಆರ್‌ಎಲ್ ಒಳ್ಳೇದೇ, ನಾನೂ ಬಳಸ್ತೀನಿ. ಅವಧಿಯ ದಿನಾಂಕ ಪಕ್ಕಾ ಸಿಗುತ್ತೆ ಅನ್ನೋದು ನಿಜ. ಆದರೆ ಆ ಫೈಲನ್ನ ತುಂಬೋರೂ ಅದೇ ಕಂಪನಿಯ ಮನುಷ್ಯರೇ ತಾನೆ. ಪಿಡಿಎಫ್‌ನಲ್ಲಿ ಟೆರಾಜೂಲ್ ಅಂತಿದ್ದು ಫೈಲಿನಲ್ಲಿ ಗಿಗಾಜೂಲ್ ಅಂತ ತುಂಬಿದ್ದನ್ನ ನಾನೇ ನೋಡಿದ್ದೀನಿ. ಮೇಲಾಗಿ ಅಡಿಟಿಪ್ಪಣಿಯ ನಕ್ಷತ್ರ ಅಂಕಿಯ ಜೊತೆ ಬರೋದಿಲ್ಲ. ಪಲ್ಲುಗೆ ಈಗ ಬೇಕಾಗಿದ್ದು ಆ ನಕ್ಷತ್ರವೇ. ಎರಡನ್ನೂ ಇಟ್ಕೊಂಡು ತಾಳೆ ನೋಡೋದು ಒಳ್ಳೇದು.

ಪಲ್ಲು, ನೀನು ವರ್ಷವನ್ನ ಅಡ್ಡಕ್ಕೆ, ವಿಷಯವನ್ನ ಉದ್ದಕ್ಕೆ ಹಾಕಿ ಶುರುಮಾಡಿದ್ದೀಯ ಅನ್ಸುತ್ತೆ. ಅದು ಕೊನೆಯ ಹಾಳೆ. ಮೊದಲು ಇನ್ನೊಂದು ಹಾಳೆ ಮಾಡು. ಒಂದು ಅಂಕಿಗೆ ಒಂದು ಸಾಲು. ವರದಿಯಲ್ಲಿ ಹೇಗಿದೆಯೋ ಹಾಗೇ ಒಂದು ಕಾಲಮ್, ಪರಿವರ್ತಿಸಿದ್ದು ಬೇರೆ ಕಾಲಮ್. ನಾನು ಮಾಡೋದು ಹೀಗೆ:

```
metric,start,end,value_raw,unit_raw,value_gj,boundary,report,page
energy_total,2022-04-01,2023-03-31,"9,06,000",GJ,906000,standalone,FY23,41
energy_total,2022-04-01,2023-03-31,906,TJ,906000,standalone,FY24,47
energy_total,2023-04-01,2024-03-31,941,TJ,941000,standalone,FY24,47
energy_total,2023-04-01,2024-03-31,"11,02,000",GJ,1102000,consolidated,FY25,52
```

ಪುಟ ಸಂಖ್ಯೆ ಸುಮ್ನೆ ಉದಾಹರಣೆಗೆ ಹಾಕಿದ್ದು. ಅವಧಿಗೆ ಬರೀ "2023" ಅಂತ ಬರೆಯಬೇಡ. ಶುರು ಮತ್ತು ಕೊನೆ ದಿನಾಂಕ ಎರಡೂ ಬೇಕು. ನಾನಿರೋ ಕಂಪನಿಯ ಮಾತೃಸಂಸ್ಥೆ ವಿದೇಶದ್ದು, ಅವರ ಸಸ್ಟೈನಬಿಲಿಟಿ ವರದಿ ಜನವರಿಯಿಂದ ಡಿಸೆಂಬರ್. ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಎರಡರಲ್ಲೂ "2023" ಅಂತಲೇ ಬರೆದಿರ್ತಾರೆ. ಇನ್ನು ಲಕ್ಷದ ಕಾಮಾ ಇರೋ ಅಂಕಿ ಪಿಡಿಎಫ್‌ನಿಂದ ಟೆಕ್ಸ್ಟ್ ಆಗಿ ಬಂದು ಕೂತರೆ ಇದು ಸಾಕು:

```
=SUBSTITUTE(D2,",","")*1
```

ಬರೀ ಗೆರೆ ಇರೋ ಕಡೆ ಸೊನ್ನೆ ತುಂಬಬೇಡ. ಗೆರೆ ಅಂದ್ರೆ "ಇಲ್ಲ" ಅಂತಲೂ ಆಗಬಹುದು, "ಅಳೆದಿಲ್ಲ" ಅಂತಲೂ ಆಗಬಹುದು. ಖಾಲಿ ಬಿಡು.

ನಿಟುವಳ್ಳಿ_ನಾಗ

ಅಕ್ಕ, ಜನವರಿ-ಡಿಸೆಂಬರ್ ಅಂಕಿಯನ್ನ ನಮ್ಮ ವರ್ಷಕ್ಕೆ ತರೋಕೆ ಮುಕ್ಕಾಲು, ಕಾಲು ಸೇರಿಸಿದರೆ ಆಗಲ್ವಾ? ಅಂದ್ರೆ 2023ರ ಮುಕ್ಕಾಲು, 2024ರ ಕಾಲು ಸೇರಿಸಿದರೆ 2023-24.

ಹೊಳಲ್ಕೆರೆ_ಲೆಕ್ಕದಮ್ಮ

ವರ್ಷಪೂರ್ತಿ ಒಂದೇ ಸಮ ನಡೆಯೋ ಕಾರ್ಖಾನೆಗೆ ಅಂದಾಜು ಸರಿಹೋಗುತ್ತೆ ನಾಗ, ಅದನ್ನೂ "ಅಂದಾಜು" ಅಂತ ಬರೆದೇ ಹಾಕಬೇಕು. ಸಕ್ಕರೆ ಕಾರ್ಖಾನೆಗೆ ಹಾಗೆ ಮಾಡಿ ನೋಡು. ಕಬ್ಬು ಅರೆಯೋದು ಚಳಿಗಾಲದ ಸುತ್ತಮುತ್ತ. ಜನವರಿಯಿಂದ ಮಾರ್ಚ್ ಮೂರು ತಿಂಗಳಲ್ಲಿ ಕಾಲು ಭಾಗಕ್ಕಿಂತ ಎಷ್ಟೋ ಜಾಸ್ತಿ ಉರಿದಿರುತ್ತೆ. ತಿಂಗಳವಾರು ಲೆಕ್ಕ ಸಿಗದಿದ್ದರೆ ನಾನು ಎರಡನ್ನ ಒಂದೇ ಗೆರೆಗೆ ಜೋಡಿಸೋದೇ ಇಲ್ಲ.

ಪಿಜೆ_ಬಡಾವಣೆ_ಪಲ್ಲು

ಉದ್ದದ ಹಾಳೆ ಮಾಡಿದೆ ಅಕ್ಕ. ಈಗ ನೀರಿನದು ನೋಡಿ, ಇದು ಇನ್ನೂ ವಿಚಿತ್ರ. 2022-23ರ ವರದಿ: ತೆಗೆದ ನೀರು 5,12,000 ಕಿಲೋಲೀಟರ್, ಬಳಕೆಯಾದ ನೀರು 1,84,000 ಕಿಲೋಲೀಟರ್. 2023-24ರ ವರದಿ: ತೆಗೆದ ನೀರು 528, ಹಿಂದಿನ ವರ್ಷ 512. ಆದರೆ ಇಲ್ಲಿ ಸ್ಪಷ್ಟವಾಗಿ ಕಿಲೋಲೀಟರ್ ಅಂತಲೇ ಇದೆ, ಪ್ರಶ್ನೆಯ ಸಾಲಿನಲ್ಲೂ ಕಿಲೋಲೀಟರ್. ಇಡೀ ಕಾರ್ಖಾನೆ ವರ್ಷಕ್ಕೆ 528 ಕಿಲೋಲೀಟರ್ ಅಂದ್ರೆ ನಮ್ಮ ಬೀದಿಯ ಟ್ಯಾಂಕರ್‌ಗಿಂತ ಕಡಿಮೆ!

ಚಳ್ಳಕೆರೆ_ಸೀನ

ತೆಗೆದ ನೀರು, ಬಳಕೆಯಾದ ನೀರು ಎರಡೂ ಒಂದೇ ತಾನೆ? ಯಾವುದಾದರೂ ಒಂದು ಸಾಲು ತಗೋ.

ಹರಿಹರದ_ಹಳೇ_ಬಾಯ್ಲರ್

ಅಲ್ಲ ಸೀನ. ನದಿಯಿಂದ, ಬೋರ್‌ವೆಲ್‌ನಿಂದ, ಟ್ಯಾಂಕರ್‌ನಿಂದ ಒಳಗೆ ತಂದಿದ್ದೆಲ್ಲ ತೆಗೆದ ನೀರು. ಶುದ್ಧ ಮಾಡಿ ಹೊರಗೆ ಬಿಟ್ಟಿದ್ದನ್ನ ಅದರಿಂದ ಕಳೆದರೆ ಉಳಿಯೋದು ಬಳಕೆ. ಕೂಲಿಂಗ್ ಟವರ್‌ನಿಂದ ಆವಿಯಾಗಿ ಹೋಗಿದ್ದು, ಮಾಲಿನ ಜೊತೆ ಹೋಗಿದ್ದು, ಅಂಥದ್ದು. ಪಲ್ಲು ಹೇಳಿದ ಅಂಕಿಯಲ್ಲಿ 3,28,000 ಕಿಲೋಲೀಟರ್ ಹೊರಗೆ ಬಿಟ್ಟಿರಬೇಕು. ಬಿಟ್ಟ ನೀರಿನ ಟೇಬಲ್ ಬೇರೆ ಇರುತ್ತೆ, ಅಲ್ಲಿ ಈ ಅಂಕಿ ಇದೆಯಾ ನೋಡಲಿ. ಒಂದು ಹನಿಯೂ ಹೊರಗೆ ಬಿಡದೆ ಎಲ್ಲ ಮರುಬಳಕೆ ಮಾಡೋ ಘಟಕಗಳಲ್ಲಿ ಮಾತ್ರ ಎರಡೂ ಒಂದೇ ಆಗಿಬಿಡುತ್ತೆ. ಒಂದು ವರ್ಷ ತೆಗೆದ ನೀರು, ಇನ್ನೊಂದು ವರ್ಷ ಬಳಕೆಯ ನೀರು ಹಾಕಿದರೆ "ಕಂಪನಿ ನೀರನ್ನ ಮೂರನೇ ಎರಡು ಭಾಗ ಉಳಿಸಿತು" ಅಂತ ಪುಕ್ಕಟೆ ಸುದ್ದಿ ತಯಾರಾಗುತ್ತೆ.

ಈಗ 528. ಪಲ್ಲು, ಹಿಂದಿನ ವರ್ಷದ ಕಾಲಮ್ ಇಲ್ಲೂ ಕೈ ಹಿಡಿಯುತ್ತೆ. 5,12,000 ಇದ್ದಿದ್ದು 512 ಆಗಿದೆ ಅಂದಮೇಲೆ ಅಂಕಿಯನ್ನ ಸಾವಿರದಿಂದ ಭಾಗಿಸಿ ಹಾಕಿದ್ದಾರೆ, ತಲೆಬರಹ ಬದಲಿಸೋದು ಮರೆತಿದ್ದಾರೆ. ಆದರೆ ಒಂದೇ ಸಾಕ್ಷಿ ಮೇಲೆ ವರದಿಯ ಅಂಕಿಯನ್ನ ಸಾವಿರ ಪಟ್ಟು ಮಾಡೋದು ಸರಿಯಲ್ಲ. ಇನ್ನೊಂದು ಸಾಕ್ಷಿ ಅದೇ ಟೇಬಲ್‌ನ ಕೆಳಗಿದೆ. ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ನೀರು ಅಂತ ಒಂದು ಸಾಲು ಇರುತ್ತಲ್ಲ, ಅದನ್ನೂ ಆ ವರ್ಷದ ವಹಿವಾಟನ್ನೂ ಕೊಡು.

ಪಿಜೆ_ಬಡಾವಣೆ_ಪಲ್ಲು

2023-24ರ ವಹಿವಾಟು 2,120 ಕೋಟಿ ರೂಪಾಯಿ. ನೀರಿನ ತೀವ್ರತೆ ಅಂತ ಕೊಟ್ಟಿರೋದು ಪ್ರತಿ ಕೋಟಿಗೆ 249. ತೆಗೆದ ನೀರಿನ ಮೇಲೆ ಲೆಕ್ಕ ಹಾಕಿದ್ದೇವೆ ಅಂತ ಕೆಳಗೆ ಬರೆದಿದ್ದಾರೆ. ಬಿಟ್ಟ ನೀರಿನ ಟೇಬಲ್ ಕೂಡ ನೋಡಿದೆ, 2022-23ಕ್ಕೆ 3,28,000 ಸರಿಯಾಗಿ ಕೂರುತ್ತೆ.

ಹರಿಹರದ_ಹಳೇ_ಬಾಯ್ಲರ್

249ನ್ನ 2,120ರಿಂದ ಗುಣಿಸು. ಸುಮಾರು 5,28,000. ಮುಗೀತು. ತೀವ್ರತೆಯ ಲೆಕ್ಕ ಹಾಕಿದವರು ಮೂಲ ಕಿಲೋಲೀಟರ್ ಅಂಕಿಯಿಂದಲೇ ಹಾಕಿದ್ದಾರೆ, ಟೇಬಲ್ ತುಂಬಿದವರು ಮಾತ್ರ ಸಾವಿರದಿಂದ ಭಾಗಿಸಿದ್ದಾರೆ. ಈಗ ಎರಡು ಸಾಕ್ಷಿ ಇದೆ. ಹಾಳೆಯಲ್ಲಿ ವರದಿಯ ಅಂಕಿ 528 ಕಿಲೋಲೀಟರ್ ಅಂತಲೇ ಇರಲಿ, ಪರಿವರ್ತಿಸಿದ ಕಾಲಮ್‌ನಲ್ಲಿ 5,28,000 ಹಾಕಿ, ಯಾಕೆ ಅಂತ ಎರಡು ಸಾಲು ಬರೆ. ನಾಳೆ ಇನ್ಯಾರೋ ಪಿಡಿಎಫ್ ತೆಗೆದು "ಇಲ್ಲಿ 528 ಇದೆಯಲ್ಲ" ಅಂದರೆ ತೋರಿಸೋಕೆ ಬೇಕು.

ತೀವ್ರತೆಯ ಸಾಲನ್ನ ಟ್ರೆಂಡ್‌ಗೆ ಬಳಸೋದಾದ್ರೆ ಮಾತ್ರ ಹುಷಾರು. ಮಾಲಿನ ಬೆಲೆ ಏರಿದರೆ ವಹಿವಾಟು ಏರುತ್ತೆ, ಒಂದು ಹನಿ ಉಳಿಸದೆಯೂ ತೀವ್ರತೆ ಇಳಿಯುತ್ತೆ. ನನಗೆ ಅದು ಯೂನಿಟ್ ಹಿಡಿಯೋಕೆ ಮಾತ್ರ ಇಷ್ಟ.

ಜೋಗಿಮಟ್ಟಿ_ಗಾಳಿ

ಸ್ಕೋಪ್ 2ಕ್ಕೂ ಇಂಥದ್ದೇ ಒಂದು ಚೆಕ್ ಇದೆ, ಅದನ್ನ ನಾನು ಹೇಳ್ತೀನಿ. ಚಿತ್ರದುರ್ಗದಲ್ಲಿ ವಿಂಡ್‌ಮಿಲ್ ನೋಡಿಕೊಳ್ಳೋ ಕೆಲಸ ನನ್ನದು, ನಮ್ಮ ಕರೆಂಟು ತಗೊಳ್ಳೋ ಕಂಪನಿಗಳ ವರದಿ ಆಗಾಗ ಕೈಗೆ ಬರುತ್ತೆ.

ಎನರ್ಜಿ ಟೇಬಲ್‌ನಲ್ಲಿ ನವೀಕರಿಸಲಾಗದ ಮೂಲದ ಕರೆಂಟು ಅಂತ ಒಂದು ಸಾಲು, ನವೀಕರಿಸಬಹುದಾದ ಮೂಲದ್ದು ಅಂತ ಇನ್ನೊಂದು. ಮೊದಲನೆಯದನ್ನ ಮಾತ್ರ ತಗೋ. ಗಿಗಾಜೂಲನ್ನ 3.6ರಿಂದ ಭಾಗಿಸಿದರೆ ಮೆಗಾವ್ಯಾಟ್ ಅವರ್. ಸ್ಕೋಪ್ 2ರ ಟನ್ನನ್ನ ಅದರಿಂದ ಭಾಗಿಸು. ಗ್ರಿಡ್ ಕರೆಂಟು ತಗೊಳ್ಳೋ ಭಾರತದ ಕಂಪನಿಗೆ ಉತ್ತರ 0.7ರ ಆಸುಪಾಸಿನಲ್ಲಿ ಬರಬೇಕು. ಯಾಕಂದ್ರೆ ಎಲ್ಲರೂ ಹೆಚ್ಚುಕಡಿಮೆ ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷಾವರ್ಷ ಕೊಡೋ, ಒಂದು ಮೆಗಾವ್ಯಾಟ್ ಅವರ್ ಗ್ರಿಡ್ ಕರೆಂಟಿಗೆ ಎಷ್ಟು ಟನ್ ಅನ್ನೋ ಸರಾಸರಿ ಗುಣಾಂಕವನ್ನೇ ಬಳಸ್ತಾರೆ. 2022-23ಕ್ಕೆ ಅದು 0.716, 2023-24ಕ್ಕೆ 0.727. ನಿನ್ನ ಉತ್ತರ 0.2 ಬಂದರೆ ಎಲ್ಲೋ 3.6ರ ಭಾಗಾಕಾರ ತಪ್ಪಿದೆ. 2.6ರ ಹತ್ತಿರ ಬಂದರೆ ಎರಡು ಸಲ ಭಾಗಿಸಿದ್ದಾರೆ. ಪಲ್ಲು, ನಿನ್ನ ಅಂಕಿ ಹಾಕು.

ಪಿಜೆ_ಬಡಾವಣೆ_ಪಲ್ಲು

ಎಲ್ಲ ಗಿಗಾಜೂಲ್‌ಗೆ ತಂದು ಹಾಕ್ತಿದ್ದೇನೆ. ನವೀಕರಿಸಬಹುದಾದ ಕರೆಂಟು ಇವರದ್ದು ಯಾವ ವರ್ಷವೂ ಇಲ್ಲ.

2022-23: ಕರೆಂಟು 2,16,000, ಸ್ಕೋಪ್ 2 42,900 ಟನ್.
2023-24, ಮೊದಲು ಕೊಟ್ಟಿದ್ದು: ಕರೆಂಟು 2,23,200, ಸ್ಕೋಪ್ 2 44,392.
2023-24, ಮರುಲೆಕ್ಕ: ಕರೆಂಟು 2,44,800, ಸ್ಕೋಪ್ 2 48,688.
2024-25: ಕರೆಂಟು 2,52,000, ಸ್ಕೋಪ್ 2 50,890.

ಭಾಗಿಸಿ ನೋಡಿದೆ ಅಣ್ಣ. ಕ್ರಮವಾಗಿ 0.715, 0.716, 0.716, 0.727. ಏನೋ ಖುಷಿ ಆಯ್ತು.

ಜೋಗಿಮಟ್ಟಿ_ಗಾಳಿ

ಅಂದ್ರೆ ಯೂನಿಟ್ ಎಲ್ಲ ಸರಿಯಿದೆ. ಇನ್ನೊಂದು ನೋಡು. ಮರುಲೆಕ್ಕದ 2023-24ಕ್ಕೂ 2024-25ಕ್ಕೂ ಹೋಲಿಸಿದರೆ ಕರೆಂಟು 68,000ದಿಂದ 70,000 ಮೆಗಾವ್ಯಾಟ್ ಅವರ್, ಶೇ 2.9 ಜಾಸ್ತಿ. ಸ್ಕೋಪ್ 2 ಮಾತ್ರ ಶೇ 4.5 ಜಾಸ್ತಿ. ಆ ಉಳಿದ ಒಂದೂವರೆ ಕಂಪನಿ ಮಾಡಿದ್ದಲ್ಲ. 0.716 ಹೋಗಿ 0.727 ಬಂದಿದ್ದಕ್ಕೆ ಆಗಿದ್ದು. ನೋಡಿ, 2024-25ಕ್ಕೆ ಅವರು ಬಳಸಿರೋದು ಅದರ ಹಿಂದಿನ ವರ್ಷದ ಗುಣಾಂಕ. ವರದಿ ಬರೆಯೋ ಹೊತ್ತಿಗೆ ಸಿಕ್ಕಿದ್ದನ್ನ ಬಳಸ್ತಾರೆ. ಹಾಗಾಗಿ ಗುಣಾಂಕಕ್ಕೂ ಒಂದು ಕಾಲಮ್ ಇಡು.

ನಮ್ಮಂಥೋರಿಂದ ಗಾಳಿ ಕರೆಂಟು ಕೊಳ್ಳೋ ಕಂಪನಿಯ ವರದಿಯಾದರೆ ಈ ಚೆಕ್ ಅಷ್ಟು ಸಲೀಸಲ್ಲ. ಕೆಲವರು ಅದನ್ನ ನವೀಕರಿಸಬಹುದಾದ ಸಾಲಿಗೆ ಹಾಕ್ತಾರೆ ಆದರೆ ಸ್ಕೋಪ್ 2ರಲ್ಲಿ ಒಟ್ಟು ಕರೆಂಟಿಗೂ ಗುಣಾಂಕ ಹಾಕಿರ್ತಾರೆ, ಆಗ ಉತ್ತರ 0.7ಕ್ಕಿಂತ ಜಾಸ್ತಿ ಬರುತ್ತೆ. ಅದು ತಪ್ಪೇ ಅಂತ ಹೇಳೋಕಾಗಲ್ಲ, ಗ್ರಿಡ್ಡಿನ ಸರಾಸರಿ ಪ್ರಕಾರ ಲೆಕ್ಕ ಹಾಕೋ ಪದ್ಧತಿಯೂ ಇದೆ. ಯಾವ ಪದ್ಧತಿ ಅಂತ ಬರೆದಿದ್ದಾರಾ ನೋಡಬೇಕು. ಸ್ವಂತ ಪವರ್ ಪ್ಲಾಂಟ್ ಇದ್ದರೆ ಆ ಹೊಗೆ ಸ್ಕೋಪ್ 1ಕ್ಕೆ ಹೋಗುತ್ತೆ, ಇಲ್ಲಿ ಹುಡುಕಿದರೆ ಸಿಗಲ್ಲ.

ಪಿಜೆ_ಬಡಾವಣೆ_ಪಲ್ಲು

ಈಗ ಉಳಿದಿದ್ದು ಸ್ಕೋಪ್ 1. ಇದರಲ್ಲಿ ನನಗೆ ನಿಜವಾಗಲೂ ಅರ್ಥ ಆಗದ್ದು ಒಂದಿದೆ. 2023-24ಕ್ಕೆ ಮೊದಲು 58,000 ಟನ್ ಅಂತ ಕೊಟ್ಟಿದ್ದರು, ಮರುಲೆಕ್ಕದಲ್ಲಿ 58,800. ಬರೀ 800 ಟನ್ ಜಾಸ್ತಿ. ಆದರೆ ಒಟ್ಟು ಎನರ್ಜಿ 1,61,000 ಗಿಗಾಜೂಲ್ ಜಾಸ್ತಿ ಆಗಿದೆ. ಅದರಲ್ಲಿ ಕರೆಂಟಿಂದು 21,600. ಉಳಿದ 1,39,400 ಇಂಧನ. ಇಷ್ಟು ಇಂಧನ ಸುಟ್ಟು ಬರೀ 800 ಟನ್ನಾ?

ಚಳ್ಳಕೆರೆ_ಸೀನ

ಅದು ಖಂಡಿತ ತಪ್ಪು. ಕಲ್ಲಿದ್ದಲಾದ್ರೆ ಹದಿಮೂರು ಸಾವಿರ ಟನ್ ಬರಬೇಕು. ಮುಚ್ಚಿಟ್ಟಿದ್ದಾರೆ.

ಹರಿಹರದ_ಹಳೇ_ಬಾಯ್ಲರ್

ಕಲ್ಲಿದ್ದಲಾದ್ರೆ ಸೀನನ ಲೆಕ್ಕ ಸರಿ. ಕಲ್ಲಿದ್ದಲು ಒಂದು ಗಿಗಾಜೂಲ್‌ಗೆ ಸುಮಾರು 95 ಕೆಜಿ, ಡೀಸೆಲ್ 74, ನೈಸರ್ಗಿಕ ಅನಿಲ 56. ಆದರೆ ಆ 1,39,400 ಯಾವ ಇಂಧನ ಅಂತ ನೋಡದೆ ಮುಚ್ಚಿಟ್ಟಿದ್ದಾರೆ ಅನ್ನೋದು ಬೇಡ. ಪಲ್ಲು, ಇಂಧನವೂ ಎರಡು ಸಾಲಿನಲ್ಲಿ ಇರುತ್ತೆ, ನವೀಕರಿಸಬಹುದಾದ್ದು, ಆಗದ್ದು. ಎರಡನ್ನೂ ಬಿಡಿಸಿ ಹಾಕು.

ಪಿಜೆ_ಬಡಾವಣೆ_ಪಲ್ಲು

ಹೌದು ಸರ್! ನವೀಕರಿಸಲಾಗದ ಇಂಧನ ಮೊದಲು 7,17,800, ಮರುಲೆಕ್ಕದಲ್ಲಿ 7,27,200. ನವೀಕರಿಸಬಹುದಾದ ಇಂಧನ ಮೊದಲು ಗೆರೆ ಮಾತ್ರ, ಮರುಲೆಕ್ಕದಲ್ಲಿ 1,30,000.

ಹರಿಹರದ_ಹಳೇ_ಬಾಯ್ಲರ್

ನೋಡಿದ್ಯಾ. ಹೊಸದಾಗಿ ಸೇರಿದ ಘಟಕದ ಬಾಯ್ಲರ್ ಹೊಟ್ಟಿನದ್ದೋ, ಬಗಾಸಿನದ್ದೋ. ಅದಕ್ಕೇ ಮಿರ್ಚಿ ಅಣ್ಣನ್ನ ಇರಿ ಅಂದಿದ್ದು. ಹೊಟ್ಟು ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡನ್ನ ಸ್ಕೋಪ್ 1ರ ಒಳಗೆ ಸೇರಿಸಲ್ಲ, ಬೇರೆ ತೋರಿಸಬೇಕು. ಅದರಿಂದ ಬರೋ ಸ್ವಲ್ಪ ಮೀಥೇನ್, ನೈಟ್ರಸ್ ಆಕ್ಸೈಡ್ ಮಾತ್ರ ಸ್ಕೋಪ್ 1ಕ್ಕೆ. ಶಾಖ ಮಾತ್ರ ಪೂರ್ತಿ ಎನರ್ಜಿ ಟೇಬಲ್‌ಗೆ ಬರುತ್ತೆ. ಹಾಗಾಗಿ ಎನರ್ಜಿ ನೆಗೆದು ಸ್ಕೋಪ್ 1 ಅಲ್ಲೇ ಕೂತಿರೋದು ಸಹಜ.

ಈಗ ಸ್ಕೋಪ್ 1ನ್ನ ನವೀಕರಿಸಲಾಗದ ಇಂಧನದಿಂದ ಮಾತ್ರ ಭಾಗಿಸು. ಮೊದಲಿನದಕ್ಕೆ ಗಿಗಾಜೂಲ್‌ಗೆ 80.8 ಕೆಜಿ, ಮರುಲೆಕ್ಕಕ್ಕೆ 80.9. ಕಲ್ಲಿದ್ದಲೂ ಎಣ್ಣೆಯೂ ಸೇರಿದ ಮಿಶ್ರಣಕ್ಕೆ ಒಪ್ಪೋ ಅಂಕಿ, ಎರಡೂ ಒಂದೇ ತರ. ನನಗಂತೂ ಅನುಮಾನ ಇಲ್ಲ. ಸಿಮೆಂಟ್ ಕಂಪನಿಗೆ ಈ ಚೆಕ್ ಹಾಕೋಕೆ ಹೋಗಬೇಡ, ಅಲ್ಲಿ ಸುಣ್ಣದ ಕಲ್ಲಿನಿಂದಲೇ ಬೇಕಾದಷ್ಟು ಬರುತ್ತೆ, ಇಂಧನಕ್ಕೆ ಭಾಗಿಸಿದರೆ ಉತ್ತರ ಎಲ್ಲೆಲ್ಲೋ ಹೋಗುತ್ತೆ.

ಮಂಡಕ್ಕಿ_ಮಿರ್ಚಿ

ಹಂಗಾದ್ರೆ ನಮ್ಮ ಹೊಟ್ಟಿಗೆ ಲೆಕ್ಕವೇ ಇಲ್ವಾ? ಕೊಡೋದು ಬೇಡ್ವಾ?

ಹರಿಹರದ_ಹಳೇ_ಬಾಯ್ಲರ್

ಬೇಕು ಅಣ್ಣ. ಎಷ್ಟು ಟನ್ ಸುಟ್ಟಿರಿ ಅಂತ ಕೊಡಿ. ಒಂದು ಕೆಜಿ ಹೊಟ್ಟಿಗೆ ಸುಮಾರು 13-14 ಮೆಗಾಜೂಲ್ ಅಂತ ಅವರು ಶಾಖದ ಲೆಕ್ಕ ಹಾಕ್ತಾರೆ, ತೇವ ಜಾಸ್ತಿ ಇದ್ದರೆ ಕಡಿಮೆ. ಟ್ರ್ಯಾಕ್ಟರ್ ಲೋಡ್ ಲೆಕ್ಕ ಕೊಡಬೇಡಿ, ಅವರಿಗೆ ಅರ್ಥ ಆಗಲ್ಲ.

ಮಂಡಕ್ಕಿ_ಮಿರ್ಚಿ

ತೂಕದ ಚೀಟಿ ಎಲ್ಲಿಂದ ತರಲಿ ಮಾರಾಯ್ರೆ, ನಮ್ಮ ಹೊಟ್ಟು ನಮ್ಮ ಮಿಲ್ಲಲ್ಲೇ ಬೀಳುತ್ತೆ!

ನಿಟುವಳ್ಳಿ_ನಾಗ

ಭತ್ತದ ಲೆಕ್ಕ ಇರುತ್ತಲ್ಲಣ್ಣ. ಭತ್ತದ ತೂಕದ ಐದನೇ ಒಂದು ಭಾಗ ಹೊಟ್ಟು ಅಂತ ಹಾಕಿ, ಮಾರಿದ್ದನ್ನ ಕಳೆಯಿರಿ. ಅಂದಾಜು ಅಂತ ಬರೆದುಬಿಡಿ.

ಪಿಜೆ_ಬಡಾವಣೆ_ಪಲ್ಲು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಕೊನೆಯ ಹಾಳೆ ಹೀಗೆ ಮಾಡ್ತೇನೆ. 2021-22, 2022-23, 2023-24 ಸ್ಟ್ಯಾಂಡ್‌ಅಲೋನ್ ಒಂದು ಗುಂಪು. 2023-24, 2024-25 ಕನ್ಸಾಲಿಡೇಟೆಡ್ ಇನ್ನೊಂದು ಗುಂಪು. ನಡುವೆ ಒಂದು ದಪ್ಪ ಗೆರೆ. 2023-24 ಎರಡು ಕಡೆಯೂ ಬರುತ್ತೆ. ಬದಲಾವಣೆಯ ಶೇಕಡಾವಾರು ಗೆರೆ ದಾಟೋದಿಲ್ಲ. ಹಾಗೆ ನೋಡಿದರೆ ಎನರ್ಜಿ 2023-24ರಲ್ಲಿ ಶೇ 3.9 ಜಾಸ್ತಿ, 2024-25ರಲ್ಲಿ ಶೇ 3.3 ಜಾಸ್ತಿ. ಮೊದಲು ಕಂಡಿದ್ದ ಶೇ 21, 22 ಎಲ್ಲೂ ಇಲ್ಲ.

ಆದರೆ ನಮ್ಮ ಸರ್‌ಗೆ ಒಂದೇ ಗೆರೆಯ ಗ್ರಾಫ್ ಬೇಕಂತೆ. ಹಳೇ ವರ್ಷಗಳಿಗೂ ಶೇ 17 ಸೇರಿಸಿ ಮೇಲಕ್ಕೆ ಎತ್ತಿದರೆ ಹೇಗೆ ಅಂತ ಕೇಳ್ತಿದ್ದಾರೆ.

ಹರಿಹರದ_ಹಳೇ_ಬಾಯ್ಲರ್

ಬೇಡ. ಆ ಘಟಕ 2021-22ರಲ್ಲಿ ನಡೀತಿತ್ತಾ, ಪೂರ್ತಿ ಓಡ್ತಿತ್ತಾ, ಬಾಯ್ಲರ್ ಆಗಲೇ ಹೊಟ್ಟಿನದ್ದಾಗಿತ್ತಾ, ಯಾವುದೂ ಗೊತ್ತಿಲ್ಲ. ಎನರ್ಜಿಗೆ ಶೇ 17, ಸ್ಕೋಪ್ 2ಕ್ಕೆ ಶೇ 10ರ ಹತ್ತಿರ, ಸ್ಕೋಪ್ 1ಕ್ಕೆ ಶೇ 1.4. ಒಂದೊಂದು ಸಾಲಿಗೆ ಒಂದೊಂದು. ಇದನ್ನೆಲ್ಲ ಹಿಂದಕ್ಕೆ ತಳ್ಳಿದರೆ ಅದು ಕಂಪನಿಯ ಅಂಕಿ ಅಲ್ಲ, ನಿಮ್ಮ ಆಫೀಸಿನ ಅಂಕಿ.

ಹೊಳಲ್ಕೆರೆ_ಲೆಕ್ಕದಮ್ಮ

ನಾನು ಅಷ್ಟು ಕಟ್ಟುನಿಟ್ಟಾಗಿ ಹೇಳಲ್ಲ ಸರ್. ಬ್ಯಾಂಕಿನವರಿಗೆ, ಹೂಡಿಕೆದಾರರಿಗೆ ಒಂದು ದಿಕ್ಕು ತೋರಿಸಬೇಕಾದಾಗ ಹಳೇ ವರ್ಷಗಳನ್ನ ಚುಕ್ಕಿ ಗೆರೆಯಲ್ಲಿ ಎತ್ತಿ ತೋರಿಸಿ, "ನಮ್ಮ ಅಂದಾಜು" ಅಂತ ಬರೆದವರನ್ನ ನೋಡಿದ್ದೀನಿ. ಓದುವವರಿಗೆ ಮೋಸ ಆಗದಿದ್ದರೆ ಸರಿ ಅನ್ನಿಸುತ್ತೆ. ಅದಕ್ಕೂ ಮೊದಲು ಪಲ್ಲು ಕಂಪನಿಯ ವಾರ್ಷಿಕ ವರದಿಯಲ್ಲಿ ಸಬ್ಸಿಡಿಯರಿ ಪಟ್ಟಿ ನೋಡಲಿ. ಆ ಘಟಕ ಯಾವಾಗ ಕೈಗೆ ಬಂತು ಅಂತ ಅಲ್ಲಿರುತ್ತೆ. 2022ರ ಆಮೇಲೆ ಕೊಂಡಿದ್ದಾದರೆ ಎತ್ತೋ ಪ್ರಶ್ನೆಗೆ ಬೇರೆಯೇ ಉತ್ತರ.

ಹರಿಹರದ_ಹಳೇ_ಬಾಯ್ಲರ್

ಚುಕ್ಕಿ ಗೆರೆಯನ್ನ ಯಾರೋ ಮುಂದಿನ ವರ್ಷ ಕಾಪಿ ಮಾಡುವಾಗ ಚುಕ್ಕಿ ಉದುರಿಹೋಗುತ್ತಮ್ಮ. ನಾನು ಒಪ್ಪಲ್ಲ.

ಪಿಜೆ_ಬಡಾವಣೆ_ಪಲ್ಲು

ಸಬ್ಸಿಡಿಯರಿ ಪಟ್ಟಿ ತೆಗೆದೆ. ಎರಡು ಇವೆ. ಒಂದು 2019ರಿಂದಲೂ ಇದೆ, ಇನ್ನೊಂದು 2023ರ ಜೂನ್‌ನಲ್ಲಿ ಕೊಂಡಿದ್ದು. ಬಾಯ್ಲರ್ ಯಾವುದರದ್ದು ಅಂತ ಬರೆದಿಲ್ಲ. ಜೂನ್‌ನಲ್ಲಿ ಬಂದಿದ್ದಾದರೆ ಮರುಲೆಕ್ಕದ 2023-24ರಲ್ಲಿ ಅದರ ಹನ್ನೆರಡು ತಿಂಗಳು ಸೇರಿದೆಯೋ, ಕೊಂಡ ಮೇಲಿನದು ಮಾತ್ರವೋ? ಅದೂ ಬರೆದಿಲ್ಲ. ಸರ್ ಹತ್ತಿರ ಹೇಳಿ ಕಂಪನಿ ಸೆಕ್ರೆಟರಿಗೆ ಒಂದು ಮೇಲ್ ಹಾಕಿಸ್ತೇನೆ. ಉತ್ತರ ಬರೋ ತನಕ ಶೇ 3.3ರ ಪಕ್ಕ ನಾನೇ ಒಂದು ನಕ್ಷತ್ರ ಹಾಕ್ತೀನಿ.